ಉದ್ರಿ ಮಾಲು ಕೊಟ್ಟ ಕಂಪನಿ ದಿವಾಳಿ ಕೇಸಿಗೆ ಹೋದರೆ

"ಕಂಪನಿ ಮ್ಯಾಲೆ ಎನ್‌ಸಿಎಲ್‌ಟಿ ಒಳಗ ಕೇಸ್ ಆಗೇತಂತ್ರಿ. ಇನ್ನ ನಮ್ಮ ರೊಕ್ಕ ಬರತೈತಲ್ರಿ?"

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಲೆಕ್ಕಪತ್ರ ನೋಡುವ ನನಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ಕೇಳುವವರ ಮುಖದಲ್ಲಿ ಭರವಸೆ ಇರುತ್ತದೆ. ಕೋರ್ಟಿಗೆ ಹೋಯಿತು ಅಂದರೆ ವಸೂಲಿ ಶುರುವಾಯಿತು ಅಂತ ಅವರ ಎಣಿಕೆ. ಆದರೆ 2016ರ ದಿವಾಳಿ ಕಾಯ್ದೆಯಲ್ಲಿ ಎನ್‌ಸಿಎಲ್‌ಟಿ, ಅಂದರೆ ಕಂಪನಿ ಕೇಸುಗಳ ಟ್ರಿಬ್ಯೂನಲ್, ಕೇಸ್ ಒಪ್ಪಿಕೊಂಡ ದಿನ ವಸೂಲಿ ನಿಲ್ಲುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಟ್ರಿಬ್ಯೂನಲ್ ಅರ್ಜಿ ಒಪ್ಪಿದ ಕೂಡಲೇ ಮೊರಟೋರಿಯಂ ಜಾರಿಗೆ ಬರುತ್ತದೆ. ಕಂಪನಿ ಮೇಲೆ ಹೊಸ ದಾವೆ ಹಾಕುವಂತಿಲ್ಲ. ಹಾವೇರಿ ಕೋರ್ಟಿನಲ್ಲಿ ನಿಮ್ಮ ದಾವೆ ನಡೆಯುತ್ತಿದ್ದರೆ ಅದೂ ನಿಲ್ಲುತ್ತದೆ. ಸಣ್ಣ ಉದ್ದಿಮೆಯವರು ತಡ ಪಾವತಿಗೆ ಕೊಟ್ಟ ದೂರೂ ಅಷ್ಟೇ. ಬ್ಯಾಂಕು ಕೂಡ ಅಡವಿಟ್ಟ ಕಾರ್ಖಾನೆಯನ್ನು ಹರಾಜು ಹಾಕುವಂತಿಲ್ಲ. ಕಂಪನಿಯನ್ನು ಯಾರಾದರೂ ಕೊಂಡು ನಡೆಸಬಹುದಾ ಅಂತ ನೋಡುವ ತನಕ ಎಲ್ಲರೂ ಕೈ ಕಟ್ಟಿ ನಿಲ್ಲಬೇಕು. ಇದರಲ್ಲಿ ನನಗೆ ತಕರಾರಿಲ್ಲ. ಇಲ್ಲದಿದ್ದರೆ ಮೊದಲು ಓಡಿದವನಿಗೆ ಎಲ್ಲ, ಉಳಿದವರಿಗೆ ಗೋಡೆ ಅಂತಾಗುತ್ತದೆ.

ಒಂದು ವಿಷಯ ಮಾತ್ರ ನೆನಪಿರಲಿ. ಈ ತಡೆ ಕಂಪನಿಗೆ, ಅದರ ಡೈರೆಕ್ಟರುಗಳಿಗಲ್ಲ. ಬೌನ್ಸ್ ಆದ ಚೆಕ್ ನಿಮ್ಮ ಕೈಯಲ್ಲಿದ್ದರೆ ಕಂಪನಿ ಮೇಲಿನ ಚೆಕ್ ಕೇಸ್ ನಿಲ್ಲುತ್ತದೆ, ಆದರೆ ಸಹಿ ಮಾಡಿದ ಡೈರೆಕ್ಟರ್ ಮೇಲೆ ಮುಂದುವರಿಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಮೊರಟೋರಿಯಂ ಬಂತು ಅಂತ ಆ ಕೇಸನ್ನೂ ಬಿಟ್ಟು ಕೂತರೆ ನಷ್ಟ ನಿಮ್ಮದೇ.

ಇನ್ನು ರೆಸಲ್ಯೂಷನ್ ಪ್ರೊಫೆಷನಲ್, ಅಂದರೆ ಆರ್‌ಪಿ. ನಮ್ಮವರು ಅವರನ್ನು ಹೊಸ ಮಾಲೀಕ ಅಂದುಕೊಂಡು ಫೋನ್ ಮಾಡಿ ಬೇಡಿಕೊಳ್ಳುತ್ತಾರೆ. ಅವರು ಮಾಲೀಕರಲ್ಲ. ಕಂಪನಿ ನಡೆಸುವುದು, ಆಸ್ತಿ ಕಾಯುವುದು, ಯಾರಿಗೆ ಎಷ್ಟು ಬಾಕಿ ಅಂತ ದಾಖಲೆ ನೋಡಿ ಪಟ್ಟಿ ಮಾಡುವುದು ಅವರ ಕೆಲಸ. ನಿಮ್ಮ ಹಳೇ ಬಾಕಿಯನ್ನು ಅವರು ಮನಸ್ಸು ಮಾಡಿದರೂ ಕೊಡುವಂತಿಲ್ಲ. ದೊಡ್ಡ ತೀರ್ಮಾನಗಳೆಲ್ಲ ಸಾಲ ಕೊಟ್ಟವರ ಸಮಿತಿಯದು. ಆ ಸಮಿತಿಯಲ್ಲಿ ವೋಟು ಇರುವುದು ಸಾಮಾನ್ಯವಾಗಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ. ಮಾಲು ಕೊಟ್ಟವರ ಒಟ್ಟು ಬಾಕಿ ಇಡೀ ಸಾಲದ ಶೇ 10ರಷ್ಟಾದರೂ ಇದ್ದರೆ ಅವರ ಪರವಾಗಿ ಒಬ್ಬರು ಸಭೆಗೆ ಬಂದು ಕೂರಬಹುದು. ಕೂರಬಹುದು ಅಷ್ಟೇ, ವೋಟು ಇಲ್ಲ.

ಆರ್‌ಪಿ ಮಾಡುವ ಬಾಕಿ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಬೇಕಾದರೆ ಫಾರ್ಮ್ ಬಿ ತುಂಬಿ ಕ್ಲೇಮ್ ಹಾಕಬೇಕು. ಕ್ಲೇಮ್ ಕರೆದು ಪತ್ರಿಕೆಗೆ ಕೊಡುವ ಜಾಹೀರಾತಿನಲ್ಲಿ ಇರುವ ಗಡುವು ಆರ್‌ಪಿ ಮೊದಲು ನೇಮಕವಾದ ದಿನದಿಂದ 14 ದಿನ. ತಡವಾದರೆ, ಕೇಸ್ ಶುರುವಾಗಿ 90 ದಿನ, ಅಥವಾ ಕಂಪನಿ ಕೊಳ್ಳುವವರಿಂದ ಪ್ಲಾನ್ ಕರೆಯುವ ದಿನ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಹಾಕಬಹುದು, 90 ದಿನ ದಾಟಿದರೆ ಕಾರಣ ಹೇಳಬೇಕು. ನಮ್ಮ ಕಡೆಯವರು ಎಡವುವುದು ಇಲ್ಲೇ. ಕಂಪನಿಯ ನೋಂದಾಯಿತ ಕಚೇರಿ ಮುಂಬೈಯಲ್ಲೋ ಕೊಚ್ಚಿಯಲ್ಲೋ ಇದ್ದರೆ ಜಾಹೀರಾತು ಮುಖ್ಯವಾಗಿ ಅಲ್ಲಿನ ಪತ್ರಿಕೆಯಲ್ಲಿ ಬರುತ್ತದೆ. ಬ್ಯಾಡಗಿಯಲ್ಲಿ ಕೂತವರಿಗೆ ಅದು ಹೇಗೆ ಕಾಣಬೇಕು? ಕಂಪನಿ ಲೆಕ್ಕದಲ್ಲಿ ಹೆಸರಿದ್ದವರಿಗೆ ಪತ್ರವೋ ಇಮೇಲೋ ಬರಬೇಕು ಅಂತ ನಿಯಮವೇನೋ ಇದೆ. ಆದರೆ ಅಲ್ಲಿರುವ ಇಮೇಲ್ ಬಿಟ್ಟುಹೋದ ಹಳೇ ಗುಮಾಸ್ತರದ್ದಾಗಿದ್ದರೆ ಮುಗೀತು. ಪಾವತಿ ಎಳೆಯುತ್ತಿರುವ ಕಂಪನಿಯ ಹೆಸರನ್ನು ವಾರಕ್ಕೊಮ್ಮೆ ದಿವಾಳಿ ಮಂಡಳಿಯ ವೆಬ್‌ಸೈಟ್ ibbi.gov.in ನಲ್ಲಿ ಹುಡುಕಿ, ಪ್ರಕಟಣೆಗಳು ಅಲ್ಲಿ ಸಿಗುತ್ತವೆ. ಒಮ್ಮೆ ಯಾರೋ ಕಂಪನಿ ಕೊಳ್ಳುವ ಪ್ಲಾನ್‌ಗೆ ಟ್ರಿಬ್ಯೂನಲ್ ಒಪ್ಪಿಗೆ ಕೊಟ್ಟರೆ, ಅದರಲ್ಲಿ ಸೇರದ ಹಳೇ ಬಾಕಿ ಅಲ್ಲಿಗೇ ಸತ್ತಂತೆ.

ಕ್ಲೇಮ್ ಹಾಕಿದ ಮೇಲೂ ಎಷ್ಟು ಸಿಗುತ್ತದೆ? ಒಂದು ಲೆಕ್ಕ ಹಾಕೋಣ. ಮೆಣಸಿನಕಾಯಿ ಎಣ್ಣೆ ತೆಗೆಯುವ ಒಂದು ಕಂಪನಿ ಅಂದುಕೊಳ್ಳಿ. ಕೊಳ್ಳುವವರು ಬರಲಿಲ್ಲ, ಆಸ್ತಿ ಮಾರಿ 20 ಕೋಟಿ ಬಂತು. ಮೊದಲು ಈ ಪ್ರಕ್ರಿಯೆಯ ಖರ್ಚು ಪೂರ್ತಿ ಹೋಗುತ್ತದೆ, 2 ಕೋಟಿ ಅನ್ನಿ. ಉಳಿದದ್ದು 18. ಮುಂದಿನ ಸಾಲಿನಲ್ಲಿ ಇಬ್ಬರು ಸಮಾನವಾಗಿ ನಿಲ್ಲುತ್ತಾರೆ: ಕಾರ್ಮಿಕರ ಕೊನೆಯ 24 ತಿಂಗಳ ಬಾಕಿ, ಮತ್ತು ಅಡಮಾನವನ್ನು ಒಟ್ಟು ರಾಶಿಗೆ ಬಿಟ್ಟುಕೊಟ್ಟ ಬ್ಯಾಂಕುಗಳ ಸಾಲ. ಕಾರ್ಮಿಕರದ್ದು 2 ಕೋಟಿ, ಬ್ಯಾಂಕಿನದು 34 ಕೋಟಿ, ಒಟ್ಟು 36. ಇರುವುದು 18, ಹಾಗಾಗಿ ರೂಪಾಯಿಗೆ 50 ಪೈಸೆ. ಕಾರ್ಮಿಕರಿಗೆ 1 ಕೋಟಿ, ಬ್ಯಾಂಕಿಗೆ 17 ಕೋಟಿ. ಅಲ್ಲಿಗೆ ದುಡ್ಡು ಖಾಲಿ.

ಆ ಸಾಲಿನ ಕೆಳಗೆ ಕಚೇರಿ ನೌಕರರ 12 ತಿಂಗಳ ಬಾಕಿ ಇದೆ. ಅದರ ಕೆಳಗೆ ಅಡಮಾನವಿಲ್ಲದೆ ಸಾಲ ಕೊಟ್ಟವರು, ಆಮೇಲೆ ಸರ್ಕಾರದ ಎರಡು ವರ್ಷದ ಬಾಕಿ. ಉದ್ರಿ ಮಾಲು ಕೊಟ್ಟ ವ್ಯಾಪಾರಿ ಅದಕ್ಕೂ ಕೆಳಗೆ. ಅವನ ಹಿಂದೆ ಇರುವುದು ಷೇರುದಾರರು ಮಾತ್ರ.

ಇದೇ ಕಂಪನಿಯನ್ನು ಯಾರೋ 24 ಕೋಟಿಗೆ ಕೊಳ್ಳಲು ಬಂದರು ಅನ್ನಿ. ಆಗ ಮಾಲು ಕೊಟ್ಟವರಿಗೆ, ಆಸ್ತಿ ಮಾರಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟು, ಅಥವಾ ಈ 24 ಕೋಟಿಯನ್ನು ಅದೇ ಸರದಿಯಲ್ಲಿ ಹಂಚಿದರೆ ಎಷ್ಟೋ ಅಷ್ಟು, ಯಾವುದು ಜಾಸ್ತಿಯೋ ಅದನ್ನಾದರೂ ಕೊಡಬೇಕು. ಕೇಳಲು ಚೆನ್ನಾಗಿದೆ. ಆದರೆ ಖರ್ಚು ಕಳೆದು ಉಳಿಯುವ 22 ಕೋಟಿ ಮೇಲಿನ 36 ಕೋಟಿಗೇ ಸಾಲದು. ಎರಡೂ ಲೆಕ್ಕದಲ್ಲಿ ವ್ಯಾಪಾರಿಯ ಪಾಲು ಸೊನ್ನೆ. ಅದಕ್ಕಿಂತ ಜಾಸ್ತಿ ಏನಾದರೂ ಸಿಕ್ಕರೆ, ಅದು ಆ ಪ್ಲಾನ್ ತಂದವರು ಮತ್ತು ಶೇ 66 ವೋಟಿನಿಂದ ಅದನ್ನು ಪಾಸು ಮಾಡುವ ಬ್ಯಾಂಕುಗಳು ಮನಸ್ಸು ಮಾಡಿದ್ದು.

ಹಾಗಾದರೆ ಕೈಯಲ್ಲಿ ಏನೂ ಇಲ್ಲವಾ? ಎರಡು ಕಡೆ ಇದೆ. ಒಂದು, ಮಾಲು ಮಾರಿದ್ದಾ, ಇಟ್ಟದ್ದಾ ಅನ್ನುವ ಪ್ರಶ್ನೆ. ಕಂಪನಿಯ ಕೋಲ್ಡ್ ಸ್ಟೋರೇಜಿನಲ್ಲಿ ನೀವು ಸುಮ್ನೆ ಇಟ್ಟ ಚೀಲಗಳು ಕಂಪನಿಯ ಆಸ್ತಿಯಲ್ಲ. ಆರ್‌ಪಿ ಅದನ್ನು ರಾಶಿಗೆ ಸೇರಿಸುವಂತಿಲ್ಲ, ನೀವು ವಾಪಸ್ ಕೇಳಬಹುದು. ಆದರೆ ನಮ್ಮಲ್ಲಿ ಪದ್ಧತಿ ಹೇಗೆ? "ಮಾಲು ಅಲ್ಲೇ ಇರಲಿ, ರೇಟ್ ಏರಿದ ಮ್ಯಾಲೆ ಬಿಲ್ ಮಾಡೋಣು" ಅಂತ ಬಾಯಿಮಾತಿನಲ್ಲೇ ಮುಗಿಸುತ್ತೇವೆ. ನಿಮ್ಮ ಹೆಸರಿನ ಸ್ಟೋರೇಜ್ ರಸೀದಿ, ಲಾಟ್ ನಂಬರ್, ಬಾಡಿಗೆ ಕಟ್ಟಿದ ದಾಖಲೆ ಇಲ್ಲದಿದ್ದರೆ ಅದು ನಿಮ್ಮ ಮಾಲು ಅಂತ ತೋರಿಸುವುದು ತುಂಬಾ ಕಷ್ಟ. ಮಾರಾಟದ ಬಿಲ್ ಆಗಿಬಿಟ್ಟಿದ್ದರೆ ಸಾಮಾನ್ಯವಾಗಿ ಮಾಲು ಕಂಪನಿಯದಾಯಿತು, ನೀವು ಕೆಳಗಿನ ಸಾಲಿಗೆ ಬಂದಿರಿ.

ಎರಡನೆಯದು, ಕೇಸ್ ಶುರುವಾದ ಮೇಲೆ ಕೊಟ್ಟ ಮಾಲು. ಕಾರ್ಖಾನೆ ನಡೆಸಲು ಆರ್‌ಪಿ ತರಿಸಿಕೊಂಡ ಮಾಲಿನ ಹಣ ಪ್ರಕ್ರಿಯೆಯ ಖರ್ಚು. ಮೇಲಿನ ಲೆಕ್ಕದ ಆ ಮೊದಲ 2 ಕೋಟಿಯೊಳಗೆ ಅದು ಬರುತ್ತದೆ. ಒಂದೇ ವ್ಯಾಪಾರಿ, ಒಂದೇ ಮೆಣಸಿನಕಾಯಿ. ಹಿಂದಿನ ತಿಂಗಳ ಬಿಲ್ಲು ಎಲ್ಲರಿಗಿಂತ ಕೆಳಗೆ, ಈ ತಿಂಗಳದ್ದು ಎಲ್ಲರಿಗಿಂತ ಮೇಲೆ. ಹಾಗಾಗಿ ಹೊಸ ಮಾಲಿಗೆ ಆರ್‌ಪಿ ಕಡೆಯಿಂದ ಲಿಖಿತ ಆರ್ಡರ್ ತಗೊಳ್ಳಿ, ಬಿಲ್ಲು ಬೇರೆ ಖಾತೆಯಲ್ಲಿಡಿ. ಹೊಸ ದುಡ್ಡು ಬಂದಾಗ ಹಳೇ ಬಾಕಿಗೆ ಜಮಾ ಮಾಡಿಕೊಳ್ಳಬೇಡಿ.

ನನ್ನ ಸಿಟ್ಟು ಇರುವುದು ಸರದಿಯ ಮೇಲೆ. ಕಾರ್ಮಿಕರನ್ನು ಬ್ಯಾಂಕಿನ ಸಮಕ್ಕೆ ನಿಲ್ಲಿಸಿದ್ದು ಸರಿ, ಅವರ ಪಿಎಫ್ ಹಣವನ್ನು ಈ ರಾಶಿಯಿಂದ ಹೊರಗಿಟ್ಟಿದ್ದೂ ಸರಿ. ಆದರೆ ವ್ಯಾಪಾರಿ ಕೊಟ್ಟ ಮಾಲು ಕಂಪನಿ ಗೋದಾಮಿಗೆ ಹೋದ ಕೂಡಲೇ ಬ್ಯಾಂಕಿನ ಹೈಪಾಥಿಕೇಶನ್‌ಗೆ, ಅಂದರೆ ಕಂಪನಿಯ ಸಾಲದ ಅಡಮಾನಕ್ಕೆ, ಸೇರುತ್ತದೆ. ಅವನಿಗೆ ಹಣ ಬಂದಿಲ್ಲ, ಅವನದೇ ಮೆಣಸಿನಕಾಯಿ ಮಾರಿದ ದುಡ್ಡು ಬ್ಯಾಂಕಿಗೆ. ರೈತನಿಗೆ ಮಾತ್ರ ಅವನು ಆಗಲೇ ಮಾಲಿನ ಲೆಕ್ಕದ ಪಟ್ಟಿ ಹರಿದು ಹಣ ಕೊಟ್ಟಿರುತ್ತಾನೆ. ಬ್ಯಾಂಕನ್ನು ಕೆಳಗಿಳಿಸಿದರೆ ಎಲ್ಲರಿಗೂ ಸಾಲ ದುಬಾರಿಯಾಗುತ್ತದೆ ಅನ್ನುವ ವಾದ ಗೊತ್ತು, ಅದರಲ್ಲಿ ಸತ್ಯವೂ ಇದೆ. ಹಾಗಾಗಿ ನಾನು ಕೇಳುವುದು ಚಿಕ್ಕದು. ನೋಂದಾಯಿತ ಸಣ್ಣ ವ್ಯಾಪಾರಿ, ಸಣ್ಣ ಉದ್ದಿಮೆಯವರ ಕೊನೆಯ ಮೂರು ತಿಂಗಳ ಬಿಲ್ಲಿಗೆ ಒಂದು ಮಿತಿ ಹಾಕಿ. ಆ ಮಿತಿಯವರೆಗೆ ಅವರನ್ನೂ ಕಾರ್ಮಿಕರ ಸಾಲಿನಲ್ಲಿ ನಿಲ್ಲಿಸಿ. ಮೇಲಿನ ಲೆಕ್ಕದಲ್ಲಿ ಅದು 1 ಕೋಟಿ ಆಗಿದ್ದರೆ, 18 ಕೋಟಿ 37 ಕೋಟಿಗೆ ಹಂಚಿಹೋಗುತ್ತಿತ್ತು. ಬ್ಯಾಂಕಿಗೆ 50 ಪೈಸೆ ಬದಲು 48 ಪೈಸೆಯ ಮೇಲೆ ಸಿಗುತ್ತಿತ್ತು. ವ್ಯಾಪಾರಿಗೂ ಅಷ್ಟೇ ಸಿಗುತ್ತಿತ್ತು, ಈಗ ಸಿಗುವ ಸೊನ್ನೆಯ ಬದಲು.