8 ಮತ್ತು 9ನೇ ಅಂಕಿ

2018ರಲ್ಲಿ ದಕ್ಷಿಣ ಕೊರಿಯಾದ ಬುಚೋನ್ ಊರಿನಲ್ಲಿ ಒಂದು ಅಂಗಡಿಯವರು ಕೆಲಸಕ್ಕೆ ಜನ ಬೇಕು ಅಂತ ಜಾಹೀರಾತು ಹಾಕಿದ್ದರು. ಅದರಲ್ಲೊಂದು ಷರತ್ತಿತ್ತು. ಗುರುತಿನ ಸಂಖ್ಯೆಯ 8 ಮತ್ತು 9ನೇ ಅಂಕಿ 48ರಿಂದ 66ರ ನಡುವೆ ಇದ್ದರೆ ಕೆಲಸ ಕೊಡುವುದು ಕಷ್ಟ ಅಂತ. ಯಾವ ಊರಿನ ಹೆಸರೂ ಅದರಲ್ಲಿರಲಿಲ್ಲ. ಆದರೆ ಓದಿದ ಕೊರಿಯನ್ನರಿಗೆಲ್ಲ ಅರ್ಥವಾಯಿತು, ದೇಶದ ನೈಋತ್ಯದ ಜೊಲ್ಲಾ ಸೀಮೆಯವರು ಬೇಡ ಅಂತ. ದೊಡ್ಡ ಗಲಾಟೆಯೇ ಆಯಿತು.

ನಾನು ಧಾರವಾಡದವನು, ಈಗ ಸಿಯೋಲ್ ಪಕ್ಕದ ಸುವಾನ್‌ನಲ್ಲಿದ್ದೇನೆ. ಈ ಸುದ್ದಿ ಮೊದಲ ಸಲ ಕೇಳಿದಾಗ ನನಗೆ ಅರ್ಥವೇ ಆಗಲಿಲ್ಲ. ನಮ್ಮ ಆಧಾರ್ ನಂಬರ್ ನೋಡಿ ನಾನು ಧಾರವಾಡದವನೋ ದಾವಣಗೆರೆಯವನೋ ಅಂತ ಯಾರು ಹೇಳಲು ಸಾಧ್ಯ? ಆಮೇಲೆ ಜೊಲ್ಲಾ ಕಡೆಯ ಒಬ್ಬ ಸಹೋದ್ಯೋಗಿ ಊಟದ ಹೊತ್ತಿನಲ್ಲಿ ಒಂದು ಕಾಗದದ ಮೇಲೆ ಬರೆದು ತೋರಿಸಿದರು. ಅಂದಿನಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ.

ಕೊರಿಯಾದ ಸಂಖ್ಯೆಯಲ್ಲಿ 13 ಅಂಕಿ. ಒಬ್ಬರದು 850714-148 ಅಂತ ಶುರುವಾಗುತ್ತದೆ ಅಂದುಕೊಳ್ಳಿ. ಮೊದಲ ಆರು ಅಂಕಿ ಹುಟ್ಟಿದ ದಿನ, 1985ರ ಜುಲೈ 14. ಗೀಟಿನ ಆಚೆಯ 1 ಅಂದರೆ 1900ರ ದಶಕಗಳಲ್ಲಿ ಹುಟ್ಟಿದ ಗಂಡಸು. ಹೆಂಗಸಾದರೆ 2. 2000ದ ನಂತರ ಹುಟ್ಟಿದವರಿಗೆ 3 ಮತ್ತು 4. ನನ್ನಂಥ ಹೊರಗಿನವರ ಕಾರ್ಡಿನಲ್ಲಿ ಅದೇ ಜಾಗದಲ್ಲಿ 5 ಇರುತ್ತದೆ, ಹಾಗಾಗಿ ಆ ಒಂದೇ ಅಂಕಿಯಿಂದ ನಾನು ವಿದೇಶಿ ಅಂತ ತಿಳಿಯುತ್ತದೆ. ಅದರ ನಂತರದ್ದು 48. ಅದು ಉತ್ತರ ಜೊಲ್ಲಾ ಪ್ರಾಂತ್ಯದ ಸಂಖ್ಯೆ. ಸಿಯೋಲ್‌ಗೆ 00ರಿಂದ 08, ಬುಸಾನ್‌ಗೆ 09ರಿಂದ 12, ಹೀಗೆ ದೇಶವನ್ನೆಲ್ಲ ಹಂಚಿಟ್ಟಿದ್ದರು. ಮುಂದಿನ ಎರಡು ಅಂಕಿ ಆ ಪ್ರಾಂತ್ಯದೊಳಗಿನ ಯಾವ ಸ್ಥಳೀಯ ಕಚೇರಿ ಅಂತ ಹೇಳುತ್ತವೆ. ಆಮೇಲಿನದು ಆ ದಿನ ಅಲ್ಲಿ ದಾಖಲಾದ ಸರದಿ, ಹೆಚ್ಚಾಗಿ 1 ಅಥವಾ 2. ಕೊನೆಯದು ತಾಳೆ ಅಂಕಿ, ಉಳಿದವು ಸರಿಯಾಗಿವೆಯೇ ಅಂತ ನೋಡಲು ಲೆಕ್ಕ ಹಾಕಿ ಸೇರಿಸುವುದು.

ಈಗ ಸ್ವಲ್ಪ ಯೋಚಿಸಿ. ಒಬ್ಬರ ಹುಟ್ಟಿದ ದಿನ ಗೊತ್ತು, ಗಂಡೋ ಹೆಣ್ಣೋ ಗೊತ್ತು, ಯಾವ ಬಡಾವಣೆಯಲ್ಲಿ ಹುಟ್ಟಿದ್ದು ದಾಖಲಾಯಿತು ಅಂತಲೂ ಗೊತ್ತು. ಉಳಿಯುವುದು ಸರದಿಯ ಒಂದೇ ಅಂಕಿ. ತಾಳೆ ಅಂಕಿಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮೊದಲ 12 ಅಂಕಿಗಳನ್ನು ಸಾಲಾಗಿ 2ರಿಂದ 9ರವರೆಗೆ, ಮತ್ತೆ 2ರಿಂದ 5ರವರೆಗೆ ಗುಣಿಸಬೇಕು. ಎಲ್ಲ ಕೂಡಿಸಿ 11ರಿಂದ ಭಾಗಿಸಿ, ಉಳಿದದ್ದನ್ನು 11ರಲ್ಲಿ ಕಳೆದರೆ ಉತ್ತರ ಬರುತ್ತದೆ. ಎರಡಂಕಿ ಬಂದರೆ ಅದರ ಕೊನೆಯ ಅಂಕಿ ಸಾಕು. ಅಂದರೆ ನಾಲ್ಕೈದು ಸಲ ಊಹಿಸಿದರೆ ಒಬ್ಬರ ಪೂರ್ತಿ ಸಂಖ್ಯೆ ಸಿಗುವ ಸಾಧ್ಯತೆ ಜಾಸ್ತಿ. ಬ್ಯಾಂಕು, ಆಸ್ಪತ್ರೆ, ತೆರಿಗೆ ಎಲ್ಲಕ್ಕೂ ಬೇಕಾದ ಸಂಖ್ಯೆ ಇದು!

ಹೀಗೇಕೆ ಮಾಡಿದರು ಅಂದರೆ, ಅದು ಹುಟ್ಟಿದ ಕಾಲವೇ ಹಾಗಿತ್ತು. 1968ರ ಜನವರಿಯಲ್ಲಿ ಉತ್ತರ ಕೊರಿಯಾದ ಕಮಾಂಡೊಗಳು ಸಿಯೋಲ್‌ನ ಅಧ್ಯಕ್ಷರ ಮನೆಯ ಹತ್ತಿರದವರೆಗೆ ಬಂದಿದ್ದರು. ಅದೇ ವರ್ಷ ಎಲ್ಲರಿಗೂ ಸಂಖ್ಯೆ ಕೊಡಲು ಶುರು ಮಾಡಿದರು. ಮೊದಲನೆಯದು ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರಿಗೇ ಸಿಕ್ಕಿತು. ಹುಟ್ಟಿದ ದಿನ ಇರುವ 13 ಅಂಕಿಯ ರೂಪ ಬಂದದ್ದು 1975ರಲ್ಲಿ. ನುಸುಳಿ ಬಂದವನು ಯಾರು, ನಮ್ಮವನು ಯಾರು ಅಂತ ಕಾರ್ಡ್ ನೋಡಿದ ಕೂಡಲೇ ತಿಳಿಯಬೇಕಿತ್ತು.

ಆದರೆ ಆ ಊರಿನ ಅಂಕಿ ನಿಜ ಹೇಳುತ್ತದೆಯೇ? ಅದು ಹೇಳುವುದು ಮೊದಲು ದಾಖಲಾದ ಕಚೇರಿಯನ್ನು ಮಾತ್ರ. ಅಪ್ಪ ಅಮ್ಮ ಕೆಲಸಕ್ಕಾಗಿ ಎರಡು ವರ್ಷ ಜೊಲ್ಲಾದಲ್ಲಿದ್ದಾಗ ಹುಟ್ಟಿದ ಮಗುವಿಗೆ ಜನ್ಮವಿಡೀ ಜೊಲ್ಲಾ ಅಂಕಿ. ತಲೆತಲಾಂತರದಿಂದ ಜೊಲ್ಲಾದವರಾಗಿ ಸಿಯೋಲ್‌ನಲ್ಲಿ ಹುಟ್ಟಿದವರಿಗೆ ಸಿಯೋಲ್ ಅಂಕಿ.

ಇದರಿಂದ ನಿಜವಾಗಿ ನೋವು ತಿಂದವರು ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದವರು. ಅವರಿಗೆ ಇಲ್ಲಿನ ಬದುಕು ಕಲಿಸಲು 1999ರಲ್ಲಿ ಆನ್ಸೋಂಗ್ ಎಂಬಲ್ಲಿ ಹನವೋನ್ ಅನ್ನುವ ಕೇಂದ್ರ ತೆರೆದರು. ಅಲ್ಲಿಂದ ಹೊರಬಂದವರೆಲ್ಲರ ದಾಖಲೆ ಅದೇ ಊರಿನಲ್ಲಿ ಆಗುತ್ತಿತ್ತು. ಹಾಗಾಗಿ ಗಂಡಸರಿಗೆಲ್ಲ ಗೀಟಿನ ಆಚೆ 125, ಹೆಂಗಸರಿಗೆಲ್ಲ 225. ಕೆಲಸ ಕೇಳಲು ಹೋದರೆ ಇವರು ಉತ್ತರದವರು ಅಂತ ಸಂಖ್ಯೆಯೇ ಹೇಳಿಬಿಡುತ್ತಿತ್ತು. ಚೀನಾಗೆ ಹೋಗಲು ವೀಸಾ ಕೇಳಿದರೆ ತಿರಸ್ಕಾರ. ಆನ್ಸೋಂಗ್‌ನಲ್ಲೇ ಹುಟ್ಟಿ ಬೆಳೆದ, ಉತ್ತರಕ್ಕೂ ತನಗೂ ಸಂಬಂಧವೇ ಇಲ್ಲದವರಿಗೂ ಅದೇ 25 ಇದ್ದುದರಿಂದ ಅವರಿಗೂ ವೀಸಾ ತೊಂದರೆ ಆಯಿತು. ಕೊನೆಗೆ 2009ರಲ್ಲಿ ಕಾನೂನು ತಿದ್ದಿ, ಹನವೋನ್‌ನಿಂದ ಹೊರಬಂದವರು ಒಂದು ಸಲ ಸಂಖ್ಯೆ ಬದಲಿಸಿಕೊಳ್ಳಬಹುದು ಅಂದರು. ಹತ್ತು ವರ್ಷ! ಅಷ್ಟು ದಿನ ಆ ಜನ ಪ್ರತಿ ಅರ್ಜಿಯಲ್ಲೂ ತಮ್ಮ ಗುಟ್ಟನ್ನು ತಾವೇ ಬರೆದುಕೊಡಬೇಕಾಯಿತು.

25 ಅಂದರೆ ನನಗೆ ಬೇರೆಯೇ ನೆನಪು. ಊರಲ್ಲಿ ನನ್ನ ಬೈಕ್ ಕೆಎ-25. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಇನ್ನೊಂದು ಕೆಎ-25 ಕಂಡರೆ ಖುಷಿಯಾಗಿ ಮಾತಾಡಿಸುತ್ತಿದ್ದೆ, ನಮ್ಮ ಕಡೆಯವರು ಅಂತ. ಸಂಖ್ಯೆಯಲ್ಲಿ ಊರು ಇದ್ದರೆ ಚೆಂದವೇ ಅಲ್ವಾ ಅಂತ ಅನಿಸುವುದು ಇಂಥದ್ದಕ್ಕೇ. ಆದರೆ 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ಆದಾಗ ಅದೇ ಬೆಂಗಳೂರಿನಲ್ಲಿ ತಮಿಳುನಾಡಿನ ನಂಬರ್ ಇದ್ದ ಬಸ್ಸು ಲಾರಿಗಳನ್ನು ಹುಡುಕಿ ಸುಟ್ಟರು. ಕರ್ನಾಟಕದ ನಂಬರ್ ಇದ್ದವರೂ ಆ ಕಡೆ ಹೋಗಲು ಹೆದರಿದರು. ಗಾಡಿಯನ್ನಾದರೂ ಮನೆಯಲ್ಲಿ ಬಿಟ್ಟು ಹೋಗಬಹುದು. ಗುರುತಿನ ಸಂಖ್ಯೆಯನ್ನು ಎಲ್ಲಿ ಬಿಡೋದು?

ಅದಕ್ಕೇ ನನಗೆ ಆಧಾರ್‌ನ ಈ ಒಂದು ವಿಷಯ ತುಂಬಾ ಇಷ್ಟ. ಅದರ ಬಗ್ಗೆ ಬೇರೆ ತಕರಾರು ಎಷ್ಟೋ ಇರಬಹುದು, ನನಗೂ ಇವೆ. ಆದರೆ 12 ಅಂಕಿಯಲ್ಲಿ 11 ಸುಮ್ನೆ ಮನಸ್ಸಿಗೆ ಬಂದಂತೆ ಆರಿಸಿದವು, ಕೊನೆಯದು ತಾಳೆ ಅಂಕಿ. ಮೊದಲ ಅಂಕಿ 0 ಅಥವಾ 1 ಆಗುವುದಿಲ್ಲ, ಅಷ್ಟೇ ನಿಯಮ. ವಯಸ್ಸಿಲ್ಲ, ಊರಿಲ್ಲ, ಗಂಡು ಹೆಣ್ಣು ಇಲ್ಲ. ಕಾರ್ಡಿನ ಮೇಲೆ ವಿಳಾಸ ಅಚ್ಚಾಗಿರುತ್ತದೆ ನಿಜ, ಆದರೆ ಮನೆ ಬದಲಿಸಿದರೆ ವಿಳಾಸವನ್ನೂ ಬದಲಿಸಬಹುದು.

ಕೊರಿಯಾ ಕೂಡ ಈಗ ಅರ್ಧ ದಾರಿ ಬಂದಿದೆ. 2020ರ ಅಕ್ಟೋಬರ್‌ನಿಂದ ಹೊಸದಾಗಿ ಕೊಡುವ ಸಂಖ್ಯೆಗಳಲ್ಲಿ ಊರಿನ ಅಂಕಿ ಇಲ್ಲ. ಗೀಟಿನ ಆಚೆಯ ಮೊದಲ ಅಂಕಿ ಬಿಟ್ಟು ಉಳಿದ ಆರೂ ಯಾದೃಚ್ಛಿಕ. ತಾಳೆ ಅಂಕಿಯ ಲೆಕ್ಕವೂ ಹೋಯಿತು. ಹಳೇ ಲೆಕ್ಕವನ್ನೇ ನಂಬಿ ಬರೆದ ಸಾಫ್ಟ್‌ವೇರ್ ಇಂಥ ಸಂಖ್ಯೆ ಕೊಟ್ಟರೆ ತಪ್ಪು ಅನ್ನುತ್ತದೆ, ಆ ಪರೀಕ್ಷೆಯನ್ನೇ ತೆಗೆಯಬೇಕು. ಹುಟ್ಟಿದ ದಿನ ಮತ್ತು ಗಂಡು ಹೆಣ್ಣಿನ ಅಂಕಿ ಹಾಗೇ ಉಳಿದಿವೆ. ಅವೂ ಹೋಗಬೇಕಿತ್ತು ಅಂತ ನನ್ನ ಅಭಿಪ್ರಾಯ. ವಯಸ್ಸು ನೋಡಿಯೇ ಯಾರ ಜೊತೆ ಹೇಗೆ ಮಾತಾಡಬೇಕು ಅಂತ ತೀರ್ಮಾನಿಸುವ ನಾಡಿನಲ್ಲಿ, ಕೆಲಸದ ಅರ್ಜಿ ಹಾಕುವ 50 ದಾಟಿದವರಿಗೆ ಆ ಮೊದಲ ಎರಡು ಅಂಕಿ ಏನು ಮಾಡುತ್ತವೆ ಅಂತ ಹೇಳಬೇಕಿಲ್ಲ.

ಹಳೇ ಸಂಖ್ಯೆಗಳನ್ನು ಯಾರಿಗೂ ತಾನಾಗಿ ಬದಲಿಸಿಕೊಟ್ಟಿಲ್ಲ. ಕಾಗದದ ಮೇಲೆ ಬರೆದು ತೋರಿಸಿದ ಆ ಸಹೋದ್ಯೋಗಿಗೆ 2021ರಲ್ಲಿ ಮಗಳು ಹುಟ್ಟಿದಳು. ಅವಳ ಸಂಖ್ಯೆಯಲ್ಲಿ ಜೊಲ್ಲಾ ಇಲ್ಲ. ಅಪ್ಪನದರಲ್ಲಿ ಇನ್ನೂ ಇದೆ.