ಪಾಲಿಸ್ಟರ್ ಬಟ್ಟೆ ಬೆಂಕಿಗೆ ಸುರಕ್ಷಿತವೇ? ಸತ್ಯಾಂಶ

"ಪಾಲಿಸ್ಟರ್ ಬೇಗ ಹೊತ್ತಿಕೊಳ್ಳಲ್ಲ, ಕಾಟನ್ನೇ ಭಗ್ ಅಂತ ಉರಿಯೋದು. ಅಡುಗೆಮನೆಗೆ ಪಾಲಿಸ್ಟರ್ ನೈಟಿನೇ ಸೇಫ್ ಅಂತೆ, ನಿಜಾನಾ?"

ಈ ವಾಟ್ಸಾಪ್ ಫಾರ್ವರ್ಡ್ ಹೇಳುವುದು ಅರ್ಧ ನಿಜ. ಸಣ್ಣ ಜ್ವಾಲೆ ಕಂಡರೆ ಪಾಲಿಸ್ಟರ್ ಮುದುಡಿ ಹಿಂದೆ ಸರಿಯುತ್ತದೆ. ಆದರೆ ಸುಮಾರು 250 ಡಿಗ್ರಿಗೆ ಅದು ಕರಗುತ್ತದೆ. ಕರಗಿದ್ದು ಚರ್ಮಕ್ಕೆ ಅಂಟಿ ಸುಡುತ್ತಲೇ ಇರುತ್ತದೆ, ಗಾಯ ಆಳಕ್ಕಿಳಿಯುತ್ತದೆ. ಕಾಟನ್ ಉರಿಯುತ್ತದೆ, ಆದರೆ ಕರಗುವುದಿಲ್ಲ.

ಇನ್ನೂ ಮೋಸದ್ದು ಯೂನಿಫಾರ್ಮಿಗೆ ಬಳಸುವ ಟೆರಿಕಾಟ್. ಅದರಲ್ಲಿನ ಹತ್ತಿ ಎಳೆ ಕರಕಲಾಗಿ ನಿಂತು, ಕರಗಿದ ಪಾಲಿಸ್ಟರನ್ನು ಕೆಳಗೆ ಬೀಳಗೊಡದೆ ದೀಪದ ಬತ್ತಿಯಂತೆ ಉರಿಸುತ್ತದೆ.

ಅಂಗಡಿಯವರ ಮಾತು ನಂಬಬೇಕಿಲ್ಲ. ಹೊಲಿಗೆ ಅಂಚಿನಿಂದಲ್ಲ, ಬಟ್ಟೆಯಿಂದಲೇ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾದರೆ ಹತ್ತಿ. ಗಟ್ಟಿ ಕಪ್ಪು ಮಣಿ ಉಳಿದರೆ ಸಿಂಥೆಟಿಕ್ ಇದೆ.

ಬಳ್ಳಾರಿಯ ಮಿರ್ಚಿ ಬಂಡಿಯವರಿಗೆ, ಗ್ಯಾಸ್ ಒಲೆ ಮುಂದೆ ನಿಲ್ಲುವವರಿಗೆ ದಪ್ಪ, ಒತ್ತು ನೇಯ್ಗೆಯ ಕಾಟನ್ ಸಾಕು. ತೆಳು ಕಾಟನ್ ಸೀರೆಯ ಜೋಲುವ ಸೆರಗು ಮಾತ್ರ ಬೇಡ, ಅಲ್ಲಿ ಫಾರ್ವರ್ಡ್ ಹೇಳಿದ್ದು ಸರಿ. ನಮ್ಮೂರಿನ ಜೀನ್ಸೂ ಆಗುತ್ತದೆ; ಸ್ಟ್ರೆಚ್ ಆಗುವಂಥದ್ದು ಬಿಡಿ. ಕುಲುಮೆ, ಕರಗಿದ ಲೋಹದ ಹತ್ತಿರ ಸಾದಾ ಕಾಟನ್ನೂ ಸಾಲದು, ಆ ಕೆಲಸಕ್ಕೆಂದೇ ತಯಾರಿಸಿದ ಬೆಂಕಿನಿರೋಧಕ ಉಡುಪೇ ಬೇಕು.

ಬಟ್ಟೆ ಹೊತ್ತಿದರೆ ಓಡದೆ ನೆಲಕ್ಕೆ ಬಿದ್ದು ಹೊರಳಿ. ಆರಿದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಅಂಟಿದ ಬಟ್ಟೆ ಕೀಳಬೇಡಿ, ಆಸ್ಪತ್ರೆಯವರು ತೆಗೆಯಲಿ.