ಅಪ್ಪನ ಕೆಮ್ಮಿಗೊಂದು ಗೋಡೆ

ಎಂಜಿನಿಯರ್ ತಂದುಕೊಟ್ಟ ನಕ್ಷೆ ನೋಡಿ ಅಪ್ಪ ಕೇಳಿದ್ದು ಒಂದೇ ಮಾತು: "ಏನಪಾ, ಮಂಗಲ ಕಾರ್ಯಾಲಯ ಕಟ್ಟಾಕತ್ತೀಯೇನು?"

ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಬಾಗಲಕೋಟೆ ನವನಗರದಲ್ಲಿ ನಮ್ಮದು 30-50ರ ಸೈಟು. ನಕ್ಷೆಯಲ್ಲಿ ಹಾಲ್, ಊಟದ ಜಾಗ, ಅಡುಗೆಮನೆ ಎಲ್ಲ ಸೇರಿ ಒಂದೇ ಬಯಲು. ನನಗೂ ನನ್ನ ಹೆಂಡತಿಗೂ ಅದೇ ಇಷ್ಟವಾಗಿತ್ತು. ವಯಸ್ಸಾದವರು ಕೋಣೆಯೊಳಗೆ ಮೂಲೆಗುಂಪಾಗಬಾರದು, ನಮ್ಮ ಕಣ್ಣೆದುರೇ ಇರಬೇಕು ಅಂತ ನಮ್ಮ ವಾದ. ಮುಳುಗಡೆ ಆದ ಹಳೇ ಮನೆಯ ಪಡಸಾಲೆಯೂ ಬಯಲೇ ಇತ್ತಲ್ಲ ಅಂತ ಅಪ್ಪನಿಗೆ ತಿರುಗಿ ಕೇಳಿದ್ದೆ. ಆ ಪಡಸಾಲೆಗೆ ಮಣ್ಣಿನ ನೆಲ, ಕಟ್ಟಿಗೆಯ ತೊಲೆ ಇದ್ದವು, ಒಲೆ ಎರಡು ಗೋಡೆ ಆಚೆ ಇತ್ತು ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ವಿದ್ಯಾಗಿರಿಯಲ್ಲಿ ಗೆಳೆಯನ ಹೊಸ ಮನೆಗೆ ಊಟಕ್ಕೆ ಹೋದಾಗ. ಅವನದೂ ಗೋಡೆ ಇಲ್ಲದ ಮನೆ, ನುಣುಪು ಟೈಲ್ಸು, ದೊಡ್ಡ ಗಾಜು. ಒಂದು ಕಡೆ ಟಿವಿ, ಇನ್ನೊಂದು ಕಡೆ ರೊಟ್ಟಿ ಬಡಿಯುವ ಸಪ್ಪಳ, ನಡುನಡುವೆ ಮಿಕ್ಸರ್. ಅವ್ವ ಸ್ವಲ್ಪ ಹೊತ್ತು ನಕ್ಕಳು, ಆಮೇಲೆ ಸುಮ್ಮನಾದಳು. ಕಿವಿಯ ಮಷಿನ್ ತೆಗೆದು ಎಲೆ-ಅಡಿಕೆ ಚೀಲದಲ್ಲಿ ಹಾಕಿಕೊಂಡು ಕುಳಿತುಬಿಟ್ಟಳು. ಬರುವಾಗ ಹೇಳಿದಳು: "ಎಲ್ಲಾರೂ ಮಾತಾಡಾಕತ್ತಿದ್ರು, ಒಬ್ಬರದೂ ತಿಳೀಲಿಲ್ಲ."

ವಯಸ್ಸಾದ ಕಿವಿಯ ಕಷ್ಟ ಇದೇ. ಸದ್ದು ಕೇಳುತ್ತದೆ, ಮಾತು ಬಿಡಿಸಿಕೊಳ್ಳಲು ಆಗುವುದಿಲ್ಲ. ಮಷಿನ್ ಮಾತಿನ ಜೊತೆ ಮಿಕ್ಸರನ್ನೂ ದೊಡ್ಡದು ಮಾಡುತ್ತದೆ, ಅದರ ಮೇಲೆ ಟೈಲ್ಸಿಗೂ ಗಾಜಿಗೂ ಬಡಿದು ವಾಪಸ್ ಬರುವ ಸದ್ದು ಬೇರೆ. ಎಲ್ಲರ ನಡುವೆ ಇರಲಿ ಅಂತ ನಾವು ಕಟ್ಟುವ ಹಾಲಿನಲ್ಲೇ ಅವ್ವ ಒಬ್ಬಂಟಿಯಾಗಿ ಬಿಡುತ್ತಿದ್ದಳು.

ಅಪ್ಪನ ಪರೀಕ್ಷೆ ಸೈಟಿನಲ್ಲೇ ಆಯಿತು. ಪಾಯ ತೋಡುವ ಮೊದಲು ಗೌಂಡಿಯಿಂದ ಸುಣ್ಣದ ಪುಡಿಯಲ್ಲಿ ಇಡೀ ನಕ್ಷೆಯನ್ನು ನೆಲದ ಮೇಲೆ ಎಳೆಸಿದೆ. ಮನೆಯಿಂದ ಹೊರಸು ತಂದು ಮಲಗುವ ಜಾಗದಲ್ಲಿ ಇಟ್ಟೆವು. "ಅಪ್ಪಾ, ರಾತ್ರಿ ಎದ್ದೀರಿ ಅಂತ ತಿಳ್ಕೊಳ್ರಿ, ಪಾಯಖಾನೆಗೆ ನಡೀರಿ" ಅಂದೆ. ಅವರು ಬಡಿಗೆ ಊರಿಕೊಂಡು, ಸೋಫಾ ಬರುವ ಜಾಗ ಸುತ್ತಿ, ಊಟದ ಟೇಬಲ್ ದಾಟಿ ಹೋದರು. 21 ಹೆಜ್ಜೆ. ಅವರು ರಾತ್ರಿ ಮೂರು ಸಲ ಏಳುತ್ತಾರೆ, ಪ್ರತಿ ಸಲವೂ ಹಾಲಿನ ದೀಪ ಹಾಕಬೇಕು. ಆಮೇಲೆ ಸುಣ್ಣದ ಗೆರೆ ಅಳಿಸಿ, 11-12ರ ಒಂದು ಕೋಣೆ ಮಾಡಿ, ಅದಕ್ಕೇ ಅಂಟಿಸಿ ಬಚ್ಚಲು ಎಳೆದೆವು. ಈಗ 6 ಹೆಜ್ಜೆ.

ಇಟ್ಟಿಗೆಯ ಅಡ್ಡಗೋಡೆಯನ್ನು ಬೇಕಾದರೆ ಮುಂದೆಂದೋ ಏರಿಸಬಹುದು, ಪಿಲ್ಲರ್ ಮೇಲೆ ನಿಂತ ಮನೆಯಾದರೆ ಎಂಜಿನಿಯರನ್ನು ಕೇಳಿ ಕೆಡವಲೂಬಹುದು. ಆದರೆ ಬಚ್ಚಲಿನ ಪೈಪು, ನೀರು ಹರಿಯುವ ಇಳಿಜಾರು ಆಮೇಲೆ ಬೇಕೆಂದರೆ ಟೈಲ್ಸು ಒಡೆಯಲೇಬೇಕು. ಹಾಗಾಗಿ ನಾನು ಜಗಳ ಮಾಡಿದ್ದೆಲ್ಲ ಬಚ್ಚಲಿಗಾಗಿಯೇ. ಎಂಜಿನಿಯರ್ ಕೊಟ್ಟಿದ್ದ ಎರಡೂವರೆ ಅಡಿ ಬಾಗಿಲು, ಚೌಕಟ್ಟು ಹೋಗಿ ಉಳಿಯುವ ಜಾಗದಲ್ಲಿ ವಾಕರ್ ಸಿಕ್ಕಿಹಾಕಿಕೊಳ್ಳುತ್ತದೆ, ಮೂರು ಅಡಿ ಬೇಕು. ಹೊಸ್ತಿಲು ಬೇಡ, ಎಡವಲು ಒಂದು ಇಂಚು ಸಾಕು. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಾದರೆ, ಬಿದ್ದವರ ಮೈಯೇ ಅಡ್ಡವಾಗಿ ಎತ್ತಲು ಹೋದವರು ಹೊರಗೇ ನಿಲ್ಲಬೇಕಾಗುತ್ತದೆ.

ಅಡುಗೆಮನೆಗೂ ಗೋಡೆ ಬಂತು. ಖಾರದ ಒಗ್ಗರಣೆಯ ಘಾಟಿಗೆ ಅಪ್ಪನ ಕೆಮ್ಮು ಶುರುವಾದರೆ ಅರ್ಧ ಗಂಟೆ. ಹಾಲ್ ಮತ್ತು ಊಟದ ಜಾಗ ಮಾತ್ರ ಬಯಲಾಗಿಯೇ ಉಳಿದವು, ನನ್ನ ಹೆಂಡತಿಯ ಮುಖ ನೋಡಿ ಅನ್ನಿ.

ಅಪ್ಪನಿಗೆ ಬೇಜಾರಾಗುತ್ತದೇನೋ, ಕೋಣೆಗೆ ತಳ್ಳಿದೆವು ಅಂದುಕೊಳ್ಳುತ್ತಾರೇನೋ ಅಂತ ಅಳುಕಿತ್ತು. ಅವರು ಹೇಳಿದ್ದೇ ಬೇರೆ: "ಗ್ವಾಡಿ ಇರ್ಲಿ ಬಿಡಪಾ. ಮನಸೋಕ್ತ ಕೆಮ್ಮಾಕ ಬರ್ತೈತಿ." ಇಷ್ಟು ದಿನ ಬಾಡಿಗೆ ಮನೆಯ ಹಾಲಿನಲ್ಲಿ ಮಲಗಿ, ಮೊಮ್ಮಕ್ಕಳ ನಿದ್ದೆ ಕೆಡಬಾರದೆಂದು ಟವೆಲ್ ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ.

ಅವ್ವ ಮಾತ್ರ ಒಪ್ಪಲಿಲ್ಲ. ಯಾರು ಬಂದರು, ಯಾರು ಹೋದರು ಆಕೆಗೆ ಕಾಣಬೇಕು. ಕೋಣೆಯಿಂದ ಹಾಲಿಗೆ ಒಂದು ಕಿಟಕಿ ಇಡಿ ಅಂದಳು. ಗಾಜು ಮುಚ್ಚಿದರೂ ಸ್ವಲ್ಪ ಸದ್ದು ಬರುತ್ತದೆ ಅಂತ ಎಂಜಿನಿಯರ್ ಹೇಳಿದರು, ಇರಲಿ ಅಂದೆವು. ಕಿಟಕಿ ಎಷ್ಟು ಎತ್ತರದಲ್ಲಿರಬೇಕು? ಅವ್ವನನ್ನು ಅದೇ ಹೊರಸಿನ ಮೇಲೆ ಕೂರಿಸಿ, ನೆಲದಿಂದ ಆಕೆಯ ಕಣ್ಣಿನವರೆಗೆ ಟೇಪ್ ಹಿಡಿದು, ಕಿಟಕಿ ಕಟ್ಟೆ ಎರಡೂವರೆ ಅಡಿಗೆ ಅಂತ ಬರೆದುಕೊಂಡರು. ಸುಣ್ಣದ ಗೆರೆಯ ಆಚೆ ನಿಂತಿದ್ದ ಅಪ್ಪ ಅಲ್ಲಿಂದಲೇ ಕೂಗಿದರು: "ಪರದೆ ನನ್ನ ಕಡೆಯಿಂದ ಎಳಿಯಂಗ ಹಾಕ್ರಿ."